ವತಾನಬೆ-ಸಾನ್‌ಗೆ ಬರೆದ ನಾಲ್ಕು ವಾಕ್ಯ

ಮಾರ್ಚ್ ತಿಂಗಳ ಎರಡನೆಯ ವಾರ, ಒಂದು ಗುರುವಾರ ಬೆಳಗ್ಗೆ ನನ್ನ ಮೇಜಿನ ಮೇಲೆ ಕಂದು ಬಣ್ಣದ ದೊಡ್ಡ ಲಕೋಟೆಯೊಂದು ಬಂದು ಕುಳಿತಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಆರರ ಮುಂದೆ ಆಗಲೇ ಗುರುತು ಬಿದ್ದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಸೋಮವಾರದೊಳಗೆ ಮುಂದಿನವರಿಗೆ ದಾಟಿಸಿ, ವತಾನಬೆ-ಸಾನ್ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ ಎಂದು ಬರೆದಿತ್ತು. ಆ ವತಾನಬೆ-ಸಾನ್ ನನ್ನಿಂದ ಐದಾರು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತು ಮೈಕ್ರೋಮೀಟರ್ ಒರೆಸುತ್ತಿದ್ದರು. ಲಕೋಟೆಯನ್ನು ಸರಕ್ಕನೆ ಮೇಜಿನ ಡ್ರಾಯರಿಗೆ ತಳ್ಳಿದೆ.

ನಾನು ಜಪಾನಿನ ಐಚಿ ಪ್ರಾಂತ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ, ಅಳತೆ ತಪಾಸಣೆಯ ಕೋಣೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅದಕ್ಕೆ ಮೊದಲು ಪೀಣ್ಯದಲ್ಲಿ ಇದೇ ಕೆಲಸ. ವತಾನಬೆ-ಸಾನ್ ಈ ಕೋಣೆಯ ಹಿರಿಯರು. ಅವರಿಗೆ ಅರವತ್ತು ತುಂಬಿ, ಮಾರ್ಚ್ 31ಕ್ಕೆ ನಿವೃತ್ತಿ. ಅರವತ್ತರ ನಂತರವೂ ಕಡಿಮೆ ಸಂಬಳಕ್ಕೆ ಮುಂದುವರಿಯುವ ಅವಕಾಶ ಇಲ್ಲಿ ಇರುತ್ತದೆ, ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಇವರು ಬೇಡವೆಂದು ನಾಗಾನೊ ಕಡೆಯ ಹುಟ್ಟೂರಿಗೆ, ಅಣ್ಣನ ಸೇಬಿನ ತೋಟಕ್ಕೆ ಹೊರಟಿದ್ದರು. (ವತಾನಬೆ ಎಂಬ ಮನೆತನದ ಹೆಸರಿನವರು ಜಪಾನಿನಲ್ಲಿ ಲಕ್ಷಗಟ್ಟಲೆ ಇದ್ದಾರೆ, ಇಷ್ಟು ಹೇಳಿದ್ದರಿಂದ ಅವರ ಗುರುತು ಯಾರಿಗೂ ಸಿಗದು.)

ಲಕೋಟೆಯಲ್ಲಿದ್ದದ್ದು ಶಿಕಿಶಿ. ರಟ್ಟಿನಷ್ಟು ದಪ್ಪದ, ಹೆಚ್ಚು ಕಡಿಮೆ ಚೌಕಾಕಾರದ ಹಲಗೆ. ಸಾಮಾನ್ಯ ಅಳತೆ 272 ಮಿಲಿಮೀಟರ್ ಉದ್ದ, 242 ಮಿಲಿಮೀಟರ್ ಅಗಲ, ಅಂಚಿಗೆ ತೆಳು ಹೊಂಬಣ್ಣದ ಪಟ್ಟಿ. ನಡುವೆ ಹೊರಡುವವರ ಹೆಸರನ್ನೋ ಚಿತ್ರವನ್ನೋ ಇಟ್ಟು, ಸುತ್ತಲೂ ಸಹೋದ್ಯೋಗಿಗಳೆಲ್ಲ ಸೂರ್ಯನ ಕಿರಣಗಳ ಹಾಗೆ ತಮ್ಮ ತಮ್ಮ ಮಾತು ಬರೆಯುತ್ತಾರೆ. ಹೀಗೆ ಎಲ್ಲರೂ ಸೇರಿ ಬರೆದದ್ದಕ್ಕೆ ಯೊಸೆಗಾಕಿ ಎಂದು ಹೆಸರು. ನಮ್ಮಲ್ಲಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕ್ ಹಿಡಿದು ಕಾಲು ಗಂಟೆ ಭಾಷಣ. ಇಲ್ಲಿ ಸಿಗುವುದು ಅಂಗೈಯಷ್ಟು ಜಾಗ. ಲೆಕ್ಕ ಹಾಕಿದೆ: ನಡುವಿನ ವೃತ್ತ ಬಿಟ್ಟು ಹದಿನಾಲ್ಕು ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೆ ಸುಮಾರು ಐದು ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಉದ್ದ. ನನ್ನ ಕೈಬರಹದಲ್ಲಿ ಒಂದು ಅಕ್ಷರಕ್ಕೆ ಅರ್ಧ ಸೆಂಟಿಮೀಟರ್ ಬೇಕು. ಅಂದರೆ ನೂರು ಅಕ್ಷರದೊಳಗೆ ಆರು ವರ್ಷ.

ಆ ಸಂಜೆ ಹೆಚ್ಚಿನದೆಲ್ಲ ನೂರು ಯೆನ್‌ಗೆ ಸಿಗುವ ಅಂಗಡಿಗೆ ಹೋಗಿ ಅಭ್ಯಾಸಕ್ಕೆಂದು ಒಂದು ಶಿಕಿಶಿ ತಂದೆ. ಒಂದು ಮಗ್ಗುಲಿಗೆ ಚಿನ್ನದ ಪುಡಿ ಚಿಮುಕಿಸಿದ ಹಾಗಿತ್ತು, ಇನ್ನೊಂದು ಬರೀ ಬಿಳಿ. ಚೆಂದದ ಕಡೆಯೇ ಬರೆಯುವುದು ಎಂದುಕೊಂಡು ಚಿನ್ನದ ಮೇಲೆ ಎರಡು ಸಾಲು ಗೀಚಿದೆ. ಮರುದಿನ ಪಕ್ಕದ ಮೇಜಿನ ಹಿರಿಯಕ್ಕನಿಗೆ ಅದನ್ನು ತೋರಿಸಿದಾಗ ಅವರು ನಕ್ಕರು. ಶಿಕಿಶಿಯ ಅಸಲು ಮುಖ ಚಿನ್ನದ ಕಡೆಯೇ; ಆದರೆ ಅಂಥ ಜಾಗಕ್ಕೆ ನನ್ನ ಬರಹ ತಕ್ಕದ್ದಲ್ಲ ಎಂಬ ಸಂಕೋಚದಿಂದ ಜನ ಹಿಂಬದಿಯ ಬಿಳಿ ಮಗ್ಗುಲಿಗೆ ಬರೆಯುವುದು ರೂಢಿಯಾಯಿತಂತೆ. ಹಸ್ತಾಕ್ಷರ ಹಾಕುವ ನಟರೂ ಸುಮೊ ಪಟುಗಳೂ ಬಿಳಿ ಮಗ್ಗುಲಿಗೇ ಬರೆಯುತ್ತಾರೆ. ಬರೆಯುವ ಮಾತಿಗೆ ಮೊದಲೇ ಹಲಗೆಯನ್ನು ತಿರುಗಿಸುವುದರಲ್ಲೇ ವಿನಯ ಶುರುವಾಗುತ್ತದೆ ಎಂದು ಆಗ ತಿಳಿಯಿತು.

ಈ ಹಿರಿಯಕ್ಕನನ್ನು ನಾನು ಅಕ್ಕ ಎಂದು ಕರೆಯುವುದಿಲ್ಲ, ಹೆಸರಿಗೆ ‘ಸಾನ್’ ಸೇರಿಸುತ್ತೇನೆ. ಕನ್ನಡದಲ್ಲಿ ಬರೆಯುವಾಗ ಕೈಗೆ ಅಕ್ಕ ಎಂದೇ ಬರುತ್ತಿದೆ. ನನ್ನ ಮೊದಲ ಕರಡನ್ನು ಅವರಿಗೆ ಕೊಟ್ಟೆ. ಊಟದ ವೇಳೆಯಲ್ಲಿ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಹಳ ವಿನಯವಾಗಿದೆಯಲ್ಲ’ ಎಂದರು. ಆರು ವರ್ಷದಲ್ಲಿ ನಾನು ಕಲಿತ ಒಂದು ಮಾತೆಂದರೆ, ಇಲ್ಲಿ ಯಾರಾದರೂ ಹೀಗೆ ಹೊಗಳಿದರೆ ಎಲ್ಲೋ ತಪ್ಪಿದೆ ಎಂದರ್ಥ. ‘ದಯವಿಟ್ಟು ತಿದ್ದಿ’ ಎಂದು ಪೆನ್ಸಿಲ್ ಕೊಟ್ಟೆ.

ಕರಡು ಶುರುವಾಗುತ್ತಿದ್ದದ್ದು ‘ಗೊಕುರೋಸಾಮಾ ದೆಶಿತಾ’ ಎಂದು. ಶ್ರಮಪಟ್ಟಿರಿ, ದಣಿದಿರಿ ಎಂಬ ಅರ್ಥ. ಸಂಜೆ ನಾವು ಹೊರಡುವಾಗ ಕಾರ್ಖಾನೆಯ ಮುಖ್ಯಸ್ಥರು ನಮಗೆ ದಿನವೂ ಹೇಳುವ ಮಾತು, ಕೇಳಿ ಕೇಳಿ ನಾಲಗೆಗೆ ಹತ್ತಿತ್ತು. ತೊಂದರೆ ಅಲ್ಲೇ ಇತ್ತು: ಅವರು ನಮಗೆ ಹೇಳುವ ಮಾತು ಅದು. ಮೇಲಿನವರು ಕೆಳಗಿನವರಿಗೆ ಹೇಳಬಹುದು, ನಾನು ವತಾನಬೆ-ಸಾನ್‌ಗೆ ಹೇಳಿದರೆ ಯಜಮಾನ ಆಳಿಗೆ ಹೇಳಿದ ಹಾಗೆ. ಅವರಿಗೆ ‘ಒತ್ಸುಕರೆಸಾಮಾ ದೆಶಿತಾ’ ಎನ್ನಬೇಕು. ಅಕ್ಕ ಅದನ್ನು ಬದಲಿಸಿ, ಆಮೇಲೆ ಅದನ್ನೂ ಹೊಡೆದು ಹಾಕಿ, ‘ತೈಹೆನ್ ಒಸೆವಾ ನಿ ನಾರಿಮಶಿತಾ’ ಎಂದು ಬರೆದರು. ನಿಮ್ಮ ಆರೈಕೆಯಲ್ಲಿದ್ದೆ, ನಿಮ್ಮಿಂದ ಬಹಳ ಉಪಕಾರವಾಯಿತು ಎಂಬಷ್ಟು. ‘ದಣಿದಿರಿ’ ಎಂಬುದನ್ನು ಉಳಿದ ಹದಿಮೂರು ಜನ ಬರೆದೇ ಬರೆಯುತ್ತಾರೆ, ಜಾಗ ದಂಡ ಎಂದರು.

ಎರಡನೆಯ ಸಾಲಿನಲ್ಲಿ ನಾನು ‘ನೀವು ತುಂಬಾ ಚೆನ್ನಾಗಿ ಕಲಿಸುತ್ತಿದ್ದಿರಿ’ ಎಂದು ಮೆಚ್ಚುಗೆ ಸೂಚಿಸಿದ್ದೆ. ಜಪಾನಿಯಲ್ಲಿ ‘ಒಶಿಯೆಕಾತಾ ಗ ಜೋಜು ದೆಶಿತಾ’. ವ್ಯಾಕರಣ ಸರಿ, ಅಕ್ಷರ ಸರಿ. ಅಕ್ಕನ ಹುಬ್ಬು ಮಾತ್ರ ಗಂಟಿಕ್ಕಿತು. ‘ಜೋಜು’ ಎಂದರೆ ಚತುರ, ನಿಪುಣ. ಹಿರಿಯರನ್ನು ಚತುರರು ಎಂದು ಹೇಳಬೇಕಾದರೆ ಅವರನ್ನು ತೂಗಿ ನೋಡಿ ಅಂಕ ಕೊಡುವ ಜಾಗದಲ್ಲಿ ನಾನು ನಿಂತಿರಬೇಕು. ನಮ್ಮಲ್ಲಿ ಮೇಷ್ಟರ ಬೆನ್ನು ತಟ್ಟಿ ಭೇಷ್ ಎಂದ ಹಾಗೆ. ಹಾಗಾದರೆ ಹೊಗಳುವುದು ಹೇಗೆ? ಹೊಗಳಬೇಡಿ, ಅವರಿಂದ ನಿಮಗೇನು ಸಿಕ್ಕಿತು ಎಂದಷ್ಟೇ ಹೇಳಿ, ಎಂದರು.

ಸಿಕ್ಕದ್ದನ್ನು ಹೇಳುವ ಕ್ರಿಯಾಪದಗಳಲ್ಲಿ ಈ ಭಾಷೆ ಶ್ರೀಮಂತ. ಮೊದಮೊದಲು ನನಗೆ ಇದು ತಲೆನೋವಾಗಿತ್ತು, ಆಮೇಲೆ ಕನ್ನಡದ ಕಡೆಯಿಂದ ಹೋದರೆ ದಾರಿ ಹತ್ತಿರ ಎಂದು ಗೊತ್ತಾಯಿತು. ನಾವು ‘ಹೇಳಿದರು’ ಎನ್ನುವುದಕ್ಕೂ ‘ಹೇಳಿಕೊಟ್ಟರು’ ಎನ್ನುವುದಕ್ಕೂ ವ್ಯತ್ಯಾಸ ಮಾಡುತ್ತೇವೆ. ಆ ‘ಕೊಟ್ಟರು’ ಸೇರಿದಾಗ ಉಪಕಾರದ ವಾಸನೆ ಬರುತ್ತದೆ. ಜಪಾನಿಯಲ್ಲೂ ಹಾಗೆಯೇ ಕೊಡುವ ಪದ ಹಿಂದೆ ಬಂದು ಸೇರುತ್ತದೆ. ಒಂದೇ ವ್ಯತ್ಯಾಸ, ನಾನು ಹೇಳಿಕೊಟ್ಟರೂ ಅವರು ಹೇಳಿಕೊಟ್ಟರೂ ಕನ್ನಡದಲ್ಲಿ ‘ಕೊಡು’ ಒಂದೇ. ಅಲ್ಲಿ ನನ್ನಿಂದ ಹೊರಗೆ ಹೋಗುವ ಕೊಡುಗೆಗೆ ಒಂದು ಪದ, ನನ್ನ ಕಡೆಗೆ ಬರುವುದಕ್ಕೆ ಇನ್ನೊಂದು. ನನ್ನ ಕರಡಿನಲ್ಲಿ ‘ಕುರೆತೆ’ ಎಂದಿತ್ತು, ದಿಕ್ಕು ಸರಿಯಿತ್ತು, ಎತ್ತರ ಕಡಿಮೆಯಾಗಿತ್ತು. ಅದು ಗೆಳೆಯರ ನಡುವಿನದು. ಹಿರಿಯರು ಕೊಟ್ಟರೆ ‘ಕುದಸಾರು’. ಕೆಳಗಿಳಿಯುವುದು ಎಂಬ ಪದದ ಬಳಗದ್ದು ಇದು: ಮೇಲಿನಿಂದ ನನ್ನ ಮಟ್ಟಕ್ಕೆ ಇಳಿದು ಬಂದದ್ದು.

ಇದೇ ಸಂಗತಿಯನ್ನು ನನ್ನ ಕಡೆಯಿಂದ ಹೇಳಿದರೆ ‘ಇತದಾಕು’, ಪಡೆದುಕೊಂಡೆ. ನಮ್ಮ ‘ಅವರಿಂದ ಹೇಳಿಸಿಕೊಂಡೆ’ ಇದಕ್ಕೆ ಹತ್ತಿರ, ಆದರೆ ಅದರಲ್ಲಿ ಗೌರವವಿಲ್ಲ, ಬೈಗುಳ ತಿಂದಾಗಲೂ ಹೇಳಿಸಿಕೊಂಡೆ ಎನ್ನುತ್ತೇವೆ. ಇತದಾಕು ಪದದ ಮೂಲ ಅರ್ಥ ತಲೆಯ ಮೇಲಿಟ್ಟುಕೊಳ್ಳುವುದು. ಅದನ್ನು ಬರೆಯುವ ಅಕ್ಷರಕ್ಕೆ ನೆತ್ತಿ, ಶಿಖರ ಎಂಬ ಅರ್ಥವಿದೆ. ಊಟಕ್ಕೆ ಮೊದಲು ಎಲ್ಲರೂ ಹೇಳುವ ‘ಇತದಕಿಮಾಸ್’ ಇದೇ ಪದ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಶಿರಸಾವಹಿಸು ಎಂಬ ಮಾತು ನಮ್ಮಲ್ಲೂ ಇದೆಯಲ್ಲ.

ಇಷ್ಟೆಲ್ಲ ಕಲಿತ ಹುಮ್ಮಸ್ಸಿನಲ್ಲಿ ಶುಕ್ರವಾರ ರಾತ್ರಿ ಎರಡನೆಯ ಕರಡು ಬರೆದೆ. ಅದರಲ್ಲಿ ನನ್ನ ಅಯೋಗ್ಯತೆ ಉಕ್ಕಿ ಹರಿಯಿತು. ಏನೂ ತಿಳಿಯದ ನಾನು, ಭಾಷೆಯೂ ಬಾರದ ನಾನು, ನಿಮಗೆ ಸದಾ ತೊಂದರೆಯನ್ನೇ ಕೊಟ್ಟ ನಾನು, ಕ್ಷಮಿಸಿ. ಕೊನೆಗೆ ನಮ್ಮೂರ ಬೀಳ್ಕೊಡುಗೆ ಭಾಷಣದ ನೆನಪಿನಿಂದ, ‘ನಿಮ್ಮನ್ನು ಕಳೆದುಕೊಳ್ಳುವುದು ತುಂಬಲಾರದ ನಷ್ಟ, ಎಂದೂ ಮರೆಯುವುದಿಲ್ಲ’ ಎಂದು ಸೇರಿಸಿದೆ.

ಶನಿವಾರ ಕಾರ್ಖಾನೆಗೆ ರಜೆ. ಅಕ್ಕನಿಗೆ ಮೊಬೈಲ್‌ನಲ್ಲಿ ಚಿತ್ರ ತೆಗೆದು ಕಳುಹಿಸಿದೆ. ಉತ್ತರ ಒಂದೇ ಸಾಲು: ‘ಇದು ಶಿಮಾತ್ಸುಶೊ ಆಯಿತಲ್ಲ!’ ಶಿಮಾತ್ಸುಶೊ ಎಂದರೆ ಕೆಲಸದಲ್ಲಿ ಅನಾಹುತ ಮಾಡಿಕೊಂಡವನು ಕಚೇರಿಗೆ ಬರೆದುಕೊಡುವ ತಪ್ಪೊಪ್ಪಿಗೆ. ಜೊತೆಗೆ, ‘ನಾನು’ ಎಂಬ ಪದಕ್ಕೆ ನಾಲ್ಕು ಕಡೆ ವೃತ್ತ ಹಾಕಿ ವಾಪಸು ಕಳುಹಿಸಿದ್ದರು. ವತಾನಬೆ-ಸಾನ್ ಇದ್ದದ್ದು ಒಂದೇ ಕಡೆ, ಸಂಬೋಧನೆಯಲ್ಲಿ. ಇಷ್ಟೊಂದು ಬಾಗಿದರೆ ಓದಿದವರು ‘ಹಾಗೇನಿಲ್ಲಪ್ಪ’ ಎಂದು ಸಮಾಧಾನ ಹೇಳಬೇಕಾಗುತ್ತದೆ; ಹೊರಡುವ ದಿನ ಅವರಿಗೆ ಆ ಕೆಲಸ ಏಕೆ ಕೊಡುತ್ತೀರಿ?

ಕಳೆದುಕೊಳ್ಳುವುದು, ಮರೆಯುವುದು ಎಂಬ ಮಾತುಗಳೂ ಹೋಗಬೇಕಾಯಿತು. ಮುಗಿಯುವುದು, ಕಡಿಯುವುದು, ಅಗಲುವುದು, ಕಳೆಯುವುದು ಇವೆಲ್ಲ ಇಂಥ ಹೊತ್ತಿನಲ್ಲಿ ಬಳಸಬಾರದ ಅಶುಭ ಪದಗಳೆಂದು ಪಟ್ಟಿಯೇ ಇದೆ. ‘ಮರೆಯುವುದಿಲ್ಲ’ ಎಂದು ನಿಷೇಧರೂಪದಲ್ಲಿದ್ದರೂ ಕಟ್ಟುನಿಟ್ಟಿನವರಿಗೆ ಕಿವಿ ಚುಚ್ಚುತ್ತದೆ. ಮದುವೆ ಮನೆಯಲ್ಲಿ ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ನಮಗೆ ಇದು ವಿಚಿತ್ರವೇನಲ್ಲ. ಸಯೊನಾರಾ ಎಂಬ ಲೋಕಪ್ರಸಿದ್ಧ ಪದವೂ ಆ ಇಡೀ ಶಿಕಿಶಿಯಲ್ಲಿ ಒಂದೇ ಒಂದು ಕಡೆ ಕಾಣಲಿಲ್ಲ.

ಕೊನೆಯ ಸಾಲಿಗೆ ಮಾದರಿ ವಾಕ್ಯವೊಂದನ್ನು ಅಂತರ್ಜಾಲದಿಂದ ಎತ್ತಿದ್ದೆ: ‘ಹೊಸ ನೆಲದಲ್ಲಿ ನಿಮ್ಮ ಸಾಧನೆಗಾಗಿ ಮನಸಾರೆ ಪ್ರಾರ್ಥಿಸುತ್ತೇನೆ.’ ಗಂಭೀರವಾಗಿದೆ, ಎಲ್ಲೆಡೆ ಸಿಗುತ್ತದೆ. ಆದರೆ ಅದು ವರ್ಗವಾಗಿ ಹೋಗುವವರಿಗೆ. ಹುಟ್ಟಿದ ಮನೆಗೆ, ಅಣ್ಣನ ತೋಟಕ್ಕೆ ಹೋಗುವವರಿಗೆ ಅದು ಯಾವ ಹೊಸ ನೆಲ? ಇನ್ನೊಂದು ಕಸಿವಿಸಿಯೂ ಇದೆ. ಕೆಲಸಕ್ಕೆ ಅರ್ಜಿ ಹಾಕಿದವರನ್ನು ನಿರಾಕರಿಸುವಾಗ ಕಂಪನಿಗಳು ಪತ್ರದ ಕೊನೆಗೆ ಸೇರಿಸುವುದು ಇದೇ ಪ್ರಾರ್ಥನೆಯ ವಾಕ್ಯವನ್ನು. ಹುಡುಗರು ಅಂಥ ಪತ್ರಗಳನ್ನು ‘ಪ್ರಾರ್ಥನೆಯ ಮೇಲ್’ ಎಂದೇ ತಮಾಷೆ ಮಾಡುತ್ತಾರೆ. ಬೀಳ್ಕೊಡುಗೆಯಲ್ಲಿ ಬರೆದರೆ ತಪ್ಪೇನಿಲ್ಲ, ಹದಿನಾಲ್ವರಲ್ಲಿ ಮೂವರು ಬರೆದೂ ಇದ್ದರು. ನನಗೆ ಮಾತ್ರ ಕೈ ಬರಲಿಲ್ಲ. ಬದಲಿಗೆ ‘ಆರೋಗ್ಯ ನೋಡಿಕೊಳ್ಳಿ’ ಎಂಬರ್ಥದ ‘ಗೊಜಿಆಯ್ ಕುದಸಾಯ್’ ಇಟ್ಟೆ. ಅದಕ್ಕೆ ಮೊದಲು ದೇಹ ಎಂಬ ಪದ ಸೇರಿಸಿದ್ದನ್ನು ಅಕ್ಕ ಹೊಡೆದು ಹಾಕಿದರು. ಗೊಜಿಆಯ್ ಎಂದರೆ ಅದರೊಳಗೆ ದೇಹ ಬಂದೇ ಬಂತು, ಎರಡು ಸಲ ಬೇಡ.

ಈಗ ಉಳಿದದ್ದು ನಡುವಿನ ಎರಡು ವಾಕ್ಯ. ಆರು ವರ್ಷದಲ್ಲಿ ಯಾವುದನ್ನು ಆರಿಸುವುದು? ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಕೊನೆಗೆ ಮೊದಲ ಚಳಿಗಾಲದ ಒಂದು ಬೆಳಗ್ಗೆ ನೆನಪಾಯಿತು.

ನೂರು ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವೊಂದನ್ನು ತೊಳೆಯುವ ಯಂತ್ರದಿಂದ ನೇರ ತಂದು ಅಳೆದಿದ್ದೆ. ಅದು 100 ಮಿಲಿಮೀಟರ್ ಮೀರುವಂತಿಲ್ಲ, 22 ಮೈಕ್ರಾನ್‌ವರೆಗೆ ಕಡಿಮೆ ಇರಬಹುದು; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನನ್ನ ಅಳತೆಯಲ್ಲಿ 6 ಮೈಕ್ರಾನ್ ಹೆಚ್ಚು ಬಂತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಆ ಕಂತಿನ ಮಾಲೆಲ್ಲ ಕೆಟ್ಟುಹೋಯಿತೆಂದು ಕೆಂಪು ಚೀಟಿ ಬರೆಯಲು ಕುಳಿತೆ, ಕೈ ನಡುಗುತ್ತಿತ್ತು. ವತಾನಬೆ-ಸಾನ್ ಬಂದು ದಂಡದ ಮೇಲೆ ಅಂಗೈ ಇಟ್ಟು ನೋಡಿದರು. ಅದನ್ನು ಅಳತೆ ಪೀಠದ ಮೇಲೆ ಮಲಗಿಸಿ, ‘ಒಚಾ ನಿ ಶಿಯೋ’ ಎಂದರು, ಚಹಾ ಕುಡಿಯೋಣ ಬಾ. ತಪ್ಪು ಏನೆಂದು ಹೇಳಲಿಲ್ಲ. ಎರಡು ಗಂಟೆ ಬಿಟ್ಟು ನಾನೇ ಮತ್ತೆ ಅಳೆದಾಗ ಅದು ಮಿತಿಗಿಂತ 8 ಮೈಕ್ರಾನ್ ಒಳಗಿತ್ತು. ಅಳತೆಯ ಕೋಣೆ ಇರುವುದು 20 ಡಿಗ್ರಿಯಲ್ಲಿ. ಬಿಸಿ ನೀರಿನಿಂದ ಬಂದ ದಂಡ ಹನ್ನೆರಡು ಡಿಗ್ರಿಯಷ್ಟು ಬೆಚ್ಚಗಿತ್ತು. ನೂರು ಮಿಲಿಮೀಟರ್ ಉಕ್ಕು ಡಿಗ್ರಿಗೆ ಒಂದು ಮೈಕ್ರಾನಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಈ ಲೆಕ್ಕವನ್ನು ಕಾಲೇಜಿನಲ್ಲಿ ಬರೆದು ಅಂಕ ಗಳಿಸಿದವನೇ ನಾನು. ಅಂಗೈ ಇಟ್ಟು ನೋಡಬೇಕೆಂದು ಹೊಳೆದಿರಲಿಲ್ಲ.

ವಾಕ್ಯಗಳು ಆಗ ತಾವೇ ಕುಳಿತವು. ಪೂರ್ತಿ ಹೀಗಾಯಿತು:

‘ವತಾನಬೆ-ಸಾನ್, ರೊಕುನೆನ್‌ಕಾನ್ ತೈಹೆನ್ ಒಸೆವಾ ನಿ ನಾರಿಮಶಿತಾ. ಸೈಶೊ ನೊ ಫುಯು, ಅತತಕಾಯ್ ಮಾಮಾ ನೊ ಬುಹಿನ್ ಒ ಹಕಾತ್ತೆ ಅವತೆತೆ ಇತಾ ವತಾಶಿ ನಿ, ಒಚಾ ನಿ ಶಿಯೋ ತೊ ಇತ್ತೆ ಕುದಸಾಯ್‌ಮಶಿತಾ. ಮಾತ್ಸು ಕೊತೊ ಒ ಒಶಿಯೆತೆ ಇತದಕಿಮಶಿತಾ. ದೋಜೊ ಗೊಜಿಆಯ್ ಕುದಸಾಯ್.’

ಕನ್ನಡದಲ್ಲಿ ಹೇಳುವುದಾದರೆ: ಆರು ವರ್ಷ ನಿಮ್ಮಿಂದ ಬಹಳ ಉಪಕಾರವಾಯಿತು. ಮೊದಲ ಚಳಿಗಾಲ, ಬಿಸಿಯಿರುವಾಗಲೇ ಅಳೆದು ಗಾಬರಿಬಿದ್ದಿದ್ದ ನನಗೆ ಚಹಾ ಕುಡಿಯೋಣ ಎಂದಿರಿ. ಕಾಯುವುದನ್ನು ನಿಮ್ಮಿಂದ ಕಲಿತೆ. ಆರೋಗ್ಯ ನೋಡಿಕೊಳ್ಳಿ. ‘ನಾನು’ ಒಂದೇ ಕಡೆ ಉಳಿಯಿತು, ಅದೂ ಗಾಬರಿಬಿದ್ದವನಾಗಿ. ಮೂಲ ಲಿಪಿಯಲ್ಲಿ ತೊಂಬತ್ತರ ಆಸುಪಾಸು ಅಕ್ಷರ. ಕೊಡುವ ಪದ ಒಮ್ಮೆ, ಪಡೆಯುವ ಪದ ಒಮ್ಮೆ. ಅಕ್ಕ ಓದಿ ಈ ಬಾರಿ ವಿನಯವಾಗಿದೆ ಎನ್ನಲಿಲ್ಲ, ‘ಸರಿ, ಬರೆಯಿರಿ’ ಎಂದರು.

ಬರೆಯುವುದು ಬೇರೆಯದೇ ಪರದಾಟ. ಶಿಕಿಶಿಯ ಕಾಗದ ಶಾಯಿ ಹೀರುತ್ತದೆ. ನೀರಿನಂಥ ಶಾಯಿಯ ಪೆನ್ನಾದರೆ ಗೆರೆಯ ಅಂಚು ಹರಡಿ, ಒತ್ತಾದ ಕಾಂಜಿ ಅಕ್ಷರಗಳ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಮೇಲೆ ತಿದ್ದಿ ಆಮೇಲೆ ಅಳಿಸೋಣವೆಂದರೆ, ರಬ್ಬರ್ ಉಜ್ಜಿದ ಕಡೆ ನಾರು ಎದ್ದು ಬೂಷ್ಟು ಹಿಡಿದ ಹಾಗೆ ಕಾಣುತ್ತದೆ. ನಮ್ಮ ಕಚೇರಿಯಲ್ಲಿ ಎಲ್ಲರ ಜೇಬಿನಲ್ಲೂ ಇರುವುದು ಉಜ್ಜಿದರೆ ಅಳಿಯುವ ಪೆನ್ನು. ಅದು ಬೇಡವೇ ಬೇಡ: ಉಜ್ಜಿದಾಗ ಹುಟ್ಟುವ ಬಿಸಿಗೆ ಬಣ್ಣ ಹೋಗುವ ಶಾಯಿ ಅದು, 60 ಡಿಗ್ರಿಯ ಸುಮಾರಿಗೆ ಮಾಯ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಶಿಕಿಶಿ ಮರೆತರೆ ವತಾನಬೆ-ಸಾನ್ ಮನೆಗೆ ಬಿಳಿ ಹಲಗೆ ಒಯ್ಯಬೇಕಾದೀತು. ಕೆಂಪು ಶಾಯಿ ಸಂಬಂಧ ಕಡಿದುಕೊಳ್ಳುವ ಪತ್ರದ ಬಣ್ಣ, ಅದೂ ಹೊರಗೆ. ಕಡೆಗೆ ಹರಡದ ಕಪ್ಪು ಶಾಯಿಯ ಸಣ್ಣ ತುದಿಯ ಪೆನ್ನು ಕೊಂಡು, ಕೈ ಕೆಳಗೆ ಕಾಗದದ ಚೂರು ಇಟ್ಟು, ಅಭ್ಯಾಸದ ಹಲಗೆಯ ಬಿಳಿ ಮಗ್ಗುಲಲ್ಲಿ ಏಳು ಸಲ ಬರೆದೆ.

ಹೆಸರಿನಲ್ಲಿ ಮತ್ತೆ ಎಡವಿದೆ. ವತಾನಬೆ ಎಂಬ ಹೆಸರಿನ ‘ಬೆ’ ಅಕ್ಷರಕ್ಕೆ ಹಲವು ರೂಪಗಳಿವೆ. ಸರಳವಾದುದರಲ್ಲಿ ಒಳಗೆ ಕತ್ತಿ ಎಂಬರ್ಥದ ಗೆರೆಗಳು. ಹಳೆಯ ಎರಡು ರೂಪಗಳು ಮೇಲ್ನೋಟಕ್ಕೆ ಒಂದೇ. ಕೆಳಭಾಗದಲ್ಲಿ ಒಂದಕ್ಕೆ ಬಾಯಿ ಎಂಬರ್ಥದ ಚೌಕ, ಇನ್ನೊಂದಕ್ಕೆ ದಿಕ್ಕು ಎಂಬರ್ಥದ ಅಕ್ಷರ. ಶಿಕಿಶಿಯ ನಡುವೆ ಅಂಟಿಸಿದ್ದ ಚಿತ್ರದ ಕೆಳಗೆ ಸರಳ ರೂಪ ಅಚ್ಚಾಗಿತ್ತು. ತಪಾಸಣೆ ವರದಿಗಳ ಮೇಲೆ ಆರು ವರ್ಷದಿಂದ ಅವರ ಮೊಹರು ನೋಡಿದವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹಳೆಯ ವರದಿ ತೆಗೆದು ಭೂತಗನ್ನಡಿ ಹಿಡಿದೆ: ಚೌಕವಿತ್ತು. ಶಿಕಿಶಿ ಹೊಣೆ ಹೊತ್ತಿದ್ದ, ಕಳೆದ ವರ್ಷ ಸೇರಿದ ಹುಡುಗನಿಗೆ ಮೆಲ್ಲಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಕಂಪ್ಯೂಟರ್ ಕೊಟ್ಟ ಮೊದಲ ರೂಪವನ್ನು ಹಾಗೆಯೇ ಒತ್ತಿದ್ದನಂತೆ. ಹೊಸದಾಗಿ ಮುದ್ರಿಸಿ ಮೇಲೆ ಅಂಟಿಸಿದ. ಹೆಸರಿನಿಂದ ಶುರು ಮಾಡಿ ಬರೆದಿದ್ದ ಇಬ್ಬರದ್ದು ಮಾತ್ರ ಸರಳ ರೂಪದಲ್ಲೇ ಉಳಿಯಿತು. ಇಲ್ಲಿ ಬಿಳಿ ಬಣ್ಣ ಬಳಿದು ತಿದ್ದುವ ಹಾಗಿಲ್ಲ.

ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಎಡಗಡೆಯ ಕೆಳಮೂಲೆಯಲ್ಲಿ ಬರೆದೆ. ಮೊದಲು ಬರೆದ ಮುಖ್ಯಸ್ಥರು ಅಕ್ಷರ ದೊಡ್ಡದು ಮಾಡಿದ್ದರಿಂದ ಉಳಿದವರ ಪಾಲು ಕುಗ್ಗಿತ್ತು, ಕೊನೆಯ ಸಾಲು ಅಂಚಿನ ಹೊಂಪಟ್ಟಿಗೆ ತಾಗುವಂತೆ ನಿಂತಿತು. ಕೆಳಗೆ ಕಟಾಕಾನಾ ಲಿಪಿಯಲ್ಲಿ ನನ್ನ ಹೆಸರು. ಗುರುತು ಹಾಕಿ ಲಕೋಟೆ ದಾಟಿಸಿದೆ.

ತಿಂಗಳ ಕೊನೆಯ ಸಂಜೆ ಕೋಣೆಯಲ್ಲಿ ಎಲ್ಲರೂ ಸಾಲಾಗಿ ನಿಂತೆವು. ಹೂಗುಚ್ಛ ಕೊಟ್ಟ ಮೇಲೆ ಆ ಹುಡುಗ ಶಿಕಿಶಿ ಕೊಟ್ಟ. ವತಾನಬೆ-ಸಾನ್ ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ತಗ್ಗಿಸಿ, ಹಲಗೆಯನ್ನು ಒಮ್ಮೆ ಹಣೆಯ ಎತ್ತರಕ್ಕೆ ಎತ್ತಿದರು. ಇತದಾಕು ಪದವನ್ನು ನಾನು ಕಣ್ಣಾರೆ ನೋಡಿದ್ದು ಅಂದೇ. ಅಲ್ಲಿ ಓದಲಿಲ್ಲ.

ಎಲ್ಲ ಚದುರಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಬಳಿ ಸಿಕ್ಕರು. ಕನ್ನಡಕ ಹಣೆಗೇರಿಸಿ, ಶಿಕಿಶಿಯ ಎಡಮೂಲೆಯನ್ನು ಮೂಗಿನ ಹತ್ತಿರ ಹಿಡಿದಿದ್ದರು.

‘ಇಲ್ಲಿ ಚಹಾ ಎಂದಿದೆ’ ಎಂದರು.

‘ಹೌದು.’

‘ಅಂದು ಕುಡಿದದ್ದು ಡಬ್ಬಿ ಕಾಫಿ. ಯಂತ್ರಕ್ಕೆ ನಾಣ್ಯ ಹಾಕಿದ್ದು ನಾನು.’